ಬ್ರಾಕೆಟ್ ಮುರಿಯಿತು, ಆಮೆಯ ಬೆನ್ನು ತೂತಾಯಿತು: ಇನ್‌ಫಿಲ್ ದೋಷ ಹುಡುಕುವ ಕೈಪಿಡಿ

ತ್ರೀಡಿ ಪ್ರಿಂಟರ್‌ನಲ್ಲಿ ಮಾಡಿದ ಬ್ರಾಕೆಟ್ ಮುರಿದರೆ ನಮ್ಮಲ್ಲಿ ಹೆಚ್ಚಿನವರು ಮಾಡುವುದು ಒಂದೇ ಕೆಲಸ. ವಿನ್ಯಾಸವನ್ನು ಪದರಗಳಾಗಿ ಹೋಳುಮಾಡುವ ಸ್ಲೈಸರ್ ತಂತ್ರಾಂಶ ತೆರೆದು, ವಸ್ತುವಿನ ಹೊಟ್ಟೆಯೊಳಗೆ ತುಂಬುವ ಜಾಲರಿ, ಅಂದರೆ ಇನ್‌ಫಿಲ್, ಶೇ. 20 ಇದ್ದದ್ದನ್ನು ಶೇ. 60ಕ್ಕೆ ಏರಿಸಿ, ಮತ್ತೆ ಪ್ರಿಂಟ್‌ಗೆ ಹಾಕುವುದು. ನಾನೂ ಬಹಳ ಕಾಲ ಹಾಗೇ ಮಾಡಿದೆ. ಒಮ್ಮೆ ಮುರಿದ ಎರಡು ಬ್ರಾಕೆಟ್‌ಗಳನ್ನು ಗರಗಸದಿಂದ ಅಡ್ಡ ಕೊಯ್ದು ಪಕ್ಕಪಕ್ಕ ಇಟ್ಟು ನೋಡಿದಾಗ ತಪ್ಪು ತಿಳಿಯಿತು. ಶೇ. 60 ಇನ್‌ಫಿಲ್ ಇದ್ದದ್ದರ ಒಳಗೆ ಜಾಲರಿ ಒತ್ತೊತ್ತಾಗಿ ತುಂಬಿತ್ತು, ಆದರೆ ಹೊರಗೋಡೆ ಉಗುರಿನಷ್ಟೇ ತೆಳ್ಳಗಿತ್ತು. ಬಿರುಕು ಶುರುವಾಗಿದ್ದು ಆ ತೆಳು ಗೋಡೆಯಲ್ಲೇ.

ಈ ಬರಹದಲ್ಲಿ ಎರಡೇ ವಸ್ತುಗಳನ್ನು ಇಟ್ಟುಕೊಳ್ಳುತ್ತೇನೆ. ಒಂದು, ಗೋಡೆಗೆ ಸ್ಕ್ರೂ ಹಾಕಿ ಕೂರಿಸುವ L ಆಕಾರದ ಬ್ರಾಕೆಟ್: ಎರಡೂ ತೋಳು 80 ಮಿಮೀ ಉದ್ದ, 20 ಮಿಮೀ ಅಗಲ, 6 ಮಿಮೀ ದಪ್ಪ. ಇನ್ನೊಂದು, ಮೇಜಿನ ಮೇಲೆ ಕೂರುವ, ಅಂಗೈಯಗಲದ ಗುಂಡುಬೆನ್ನಿನ ಆಮೆ. ಎರಡಕ್ಕೂ 0.4 ಮಿಮೀ ನಾಜಲ್, 0.45 ಮಿಮೀ ಗೆರೆಯ ಅಗಲ, 0.2 ಮಿಮೀ ಪದರ, ಪಿಎಲ್‌ಎ ಫಿಲಮೆಂಟ್ ಎಂದುಕೊಳ್ಳಿ.

ಬ್ರಾಕೆಟ್‌ನಲ್ಲಿ ಭಾರ ಹೊರುವುದು ಹೊರಗೋಡೆ. ಆ ಗೋಡೆಗಳು ಒಂದಕ್ಕೊಂದು ದೂರ ನಿಲ್ಲುವಂತೆ, ಒಳಕ್ಕೆ ಕುಸಿಯದಂತೆ ಹಿಡಿದಿಡುವುದಷ್ಟೇ ಇನ್‌ಫಿಲ್‌ನ ಪಾಲು. ಆಮೆಗೆ ಹೊರುವ ಭಾರವೇ ಇಲ್ಲ; ಅದರ ಬೆನ್ನಿನ ಪದರಗಳು ಗಾಳಿಯಲ್ಲಿ ಬೀಳದಂತೆ ಅಡಿಯಿಂದ ಆನಿಸಿ ನಿಂತರೆ ಇನ್‌ಫಿಲ್‌ನ ಕೆಲಸ ಮುಗಿಯಿತು. ಕೆಳಗಿನ ಲಕ್ಷಣಗಳಲ್ಲಿ ಹೆಚ್ಚಿನವು ಈ ಎರಡು ಕೆಲಸಗಳನ್ನು ಒಂದಕ್ಕೊಂದು ಬೆರೆಸಿದ್ದರಿಂದ ಬಂದವು.

## ಲಕ್ಷಣ: ಬ್ರಾಕೆಟ್ ಪಟ್ಟನೆ ಎರಡು ತುಂಡಾಯಿತು

ಸ್ಲೈಸರ್ ಮುಟ್ಟುವ ಮೊದಲು ಮುರಿದ ಮುಖವನ್ನು ಬೆಳಕಿಗೆ ಹಿಡಿದು ನೋಡಿ. ಇದಕ್ಕೆ ಖರ್ಚಿಲ್ಲ, ಒಂದು ನಿಮಿಷ ಸಾಕು. ಮುರಿದ ಅಂಚು ಗಾಜಿನ ಚೂರಿನಂತೆ ಹರಿತವಾಗಿರುತ್ತದೆ, ಬೆರಳು ಸವರಬೇಡಿ.

ಮುರಿದ ಮುಖ ಸಪಾಟಾಗಿ, ನಯವಾಗಿ, ಪುಸ್ತಕದ ಹಾಳೆ ಬಿಡಿಸಿದಂತೆ ಪದರದ ಉದ್ದಕ್ಕೇ ಬಿಟ್ಟಿದ್ದರೆ ಇನ್‌ಫಿಲ್‌ಗೂ ಇದಕ್ಕೂ ಸಂಬಂಧವಿಲ್ಲ. ಪದರಕ್ಕೆ ಪದರ ಅಂಟಿದ ಜಾಗವೇ ಇಂಥ ಪ್ರಿಂಟ್‌ನ ಅತಿ ದುರ್ಬಲ ಜಾಗ. L ಅನ್ನು ಒಂದು ತೋಳು ಬೆಡ್ ಮೇಲೆ ಮಲಗಿ ಇನ್ನೊಂದು ತೋಳು ಮೇಲಕ್ಕೆ ನಿಂತಿರುವಂತೆ ಪ್ರಿಂಟ್ ಮಾಡಿದ್ದರೆ, ನಿಂತ ತೋಳಿನ ಪ್ರತಿ ಪದರವೂ ಭಾರಕ್ಕೆ ಅಡ್ಡವಾಗಿ ಬರುತ್ತದೆ, ಬಾಗಿಸಿದಾಗ ಪದರಗಳನ್ನು ಎಳೆದು ಬಿಡಿಸಿದ ಹಾಗಾಗುತ್ತದೆ. ಇಲ್ಲಿ ಶೇ. 100 ಇನ್‌ಫಿಲ್ ಹಾಕಿದರೂ ಬಿರುಕು ಅದೇ ಗೆರೆಯಲ್ಲಿ ಬರುತ್ತದೆ. ಪರಿಹಾರ ಪುಕ್ಕಟೆ: ಬ್ರಾಕೆಟ್ಟನ್ನು ಪಕ್ಕಕ್ಕೆ ಮಲಗಿಸಿ, ಮೇಲಿನಿಂದ ನೋಡಿದರೆ L ಅಕ್ಷರ ಕಾಣುವಂತೆ ಇಡಿ. ಆಗ ಗೋಡೆಯ ಗೆರೆಗಳು ಒಂದು ತೋಳಿನಿಂದ ಮೂಲೆ ತಿರುಗಿ ಇನ್ನೊಂದು ತೋಳಿಗೆ ಕಡಿಯದೆ ಹರಿಯುತ್ತವೆ.

ಮಲಗಿಸಿಯೂ ಪದರಗಳು ಬಿಟ್ಟುಕೊಳ್ಳುತ್ತಿವೆಯಾದರೆ ಪ್ಲಾಸ್ಟಿಕ್ ಸರಿಯಾಗಿ ಬೆಸೆಯುತ್ತಿಲ್ಲ. ನಾಜಲ್ ಉಷ್ಣತೆ 5ರಿಂದ 10 ಡಿಗ್ರಿ ಏರಿಸಿ, ಫ್ಯಾನ್ ಸ್ವಲ್ಪ ಇಳಿಸಿ, ಇನ್ನೊಂದು ತುಂಡು ಮಾಡಿ ನೋಡಿ. ಅದು ಸರಿಯಾಗುವವರೆಗೆ ಇನ್‌ಫಿಲ್ ವಿಚಾರ ಎತ್ತುವುದು ವ್ಯರ್ಥ.

ಮುಖ ಒರಟಾಗಿ, ನಾರುನಾರಾಗಿ, ಗೆರೆಗಳನ್ನು ಅಡ್ಡಕ್ಕೆ ಕಡಿದುಕೊಂಡು ಹೋಗಿದ್ದರೆ ಪ್ಲಾಸ್ಟಿಕ್ ತನ್ನ ಶಕ್ತಿಯನ್ನೆಲ್ಲ ಹಾಕಿಯೇ ಸೋತಿದೆ ಎಂದರ್ಥ. ಬಿರುಕು ಎಲ್ಲಿ ಶುರುವಾಯಿತು ನೋಡಿ. ಹೆಚ್ಚಿನ ಸಲ ಅದು L ಒಳಮೂಲೆಯಲ್ಲಿರುತ್ತದೆ. ಚೂಪಾದ ಒಳಮೂಲೆಯಲ್ಲಿ ಒತ್ತಡವೆಲ್ಲ ಒಂದೇ ಗೆರೆಯ ಮೇಲೆ ಬಂದು ಕೂರುತ್ತದೆ. ಅಲ್ಲಿ 6ರಿಂದ 8 ಮಿಮೀ ತ್ರಿಜ್ಯದ ದುಂಡು ಕೊಡಿ, ಅಥವಾ ಜಾಗವಿದ್ದರೆ ತ್ರಿಕೋನದ ಆಸರೆ ಸೇರಿಸಿ. ಇನ್‌ಫಿಲ್ ಶೇ. 20ರಿಂದ 60 ಮಾಡಿದ್ದಕ್ಕಿಂತ ಆ ಒಂದು ದುಂಡು ನನಗೆ ಹೆಚ್ಚು ಸಲ ಕೈ ಹಿಡಿದಿದೆ.

ಒಡೆದ ಜಾಗದಲ್ಲಿ ಇನ್‌ಫಿಲ್ ಎಳೆಗಳೇ ತುಂಡುತುಂಡಾಗಿ, ಹತ್ತಿಯಂತೆ ಪುಡಿಯಾಗಿ ಉದುರಿದರೆ ಮಾತು ಬೇರೆ. ಇದು ಶೇಕಡಾವಾರು ಕಡಿಮೆಯಾದ ಲಕ್ಷಣವಲ್ಲ, ವೇಗ ಹೆಚ್ಚಾದ ಲಕ್ಷಣ. ಸಾಮಾನ್ಯ ಹಾಟೆಂಡ್ ಸೆಕೆಂಡಿಗೆ ಸುಮಾರು 10ರಿಂದ 12 ಘನ ಮಿಮೀ ಪ್ಲಾಸ್ಟಿಕ್ ಕರಗಿಸಬಲ್ಲದು. ನಮ್ಮ ಗೆರೆಯ ಅಳತೆಯಲ್ಲಿ ಇನ್‌ಫಿಲ್ ವೇಗ 150 ಮಿಮೀ ಇಟ್ಟರೆ 13.5 ಘನ ಮಿಮೀ ಬೇಕು. ಬೇಕಾದಷ್ಟು ಬಾರದೆ ಎಳೆ ಸೊರಗುತ್ತದೆ. ಪ್ರಿಂಟ್ ಅರ್ಧವಾದಾಗ ಒಮ್ಮೆ ತಡೆದು ನಿಲ್ಲಿಸಿ ಒಳಗೆ ನೋಡಿ: ಎಳೆಗಳು ಗೋಡೆಗೆ ತಾಗಿ, ತುಂಬಿಕೊಂಡು, ಕಡಿಯದೆ ಇರಬೇಕು. ಇಲ್ಲವಾದರೆ ಇನ್‌ಫಿಲ್ ವೇಗವನ್ನು 80ರ ಆಸುಪಾಸಿಗೆ ಇಳಿಸಿ. ನೋಡುವ ಭರದಲ್ಲಿ ನಾಜಲ್ ಹತ್ತಿರ ಕೈ ಹಾಕಬೇಡಿ, ಅದು 200 ಡಿಗ್ರಿಗೂ ಮೇಲಿರುತ್ತದೆ.

## ಲಕ್ಷಣ: ಮುರಿಯುವುದಿಲ್ಲ, ಆದರೆ ಭಾರ ಇಟ್ಟರೆ ಬಾಗುತ್ತದೆ

ಗೋಡೆ ಮತ್ತು ಇನ್‌ಫಿಲ್ ನಡುವಿನ ಲೆಕ್ಕಾಚಾರ ನಿಜವಾಗಿ ಬೇಕಾಗುವುದು ಇಲ್ಲಿ, ಹಾಗಾಗಿ ಸ್ವಲ್ಪ ನಿಧಾನವಾಗಿ ನೋಡೋಣ.

ಒಂದು ಪ್ಲಾಸ್ಟಿಕ್ ಸ್ಕೇಲನ್ನು ಬಾಗಿಸಿ. ಹೊರಮೈ ಹಿಗ್ಗುತ್ತದೆ, ಒಳಮೈ ಕುಗ್ಗುತ್ತದೆ, ನಟ್ಟನಡುವಿನ ಭಾಗಕ್ಕೆ ಏನೂ ಆಗುವುದಿಲ್ಲ. ಬಾಗುವಿಕೆಯನ್ನು ತಡೆಯುವುದು ಎರಡೂ ಮೈಗಳ ಹತ್ತಿರ ಇರುವ ಪ್ಲಾಸ್ಟಿಕ್, ನಡುವಿನದು ಹೆಚ್ಚುಕಡಿಮೆ ಸುಮ್ಮನೆ ಕೂತಿರುತ್ತದೆ. ಎಷ್ಟು ಸುಮ್ಮನೆ ಎಂದರೆ, ಗಡಸುತನ ದಪ್ಪದ ಘನಕ್ಕೆ ತಕ್ಕಂತೆ ಏರುತ್ತದೆ. ದಪ್ಪ ಎರಡರಷ್ಟಾದರೆ ಗಡಸು ಎಂಟರಷ್ಟಾಗುತ್ತದೆ.

ನಮ್ಮ ಬ್ರಾಕೆಟ್‌ನ ತೋಳು 6 ಮಿಮೀ ದಪ್ಪ. ಪಕ್ಕಕ್ಕೆ ಮಲಗಿಸಿ ಪ್ರಿಂಟ್ ಮಾಡಿದಾಗ ಎರಡು ಗೋಡೆ ಎಂದು ಇಟ್ಟರೆ ಪ್ರತಿ ಬದಿಗೆ 0.9 ಮಿಮೀ ಗೋಡೆ ಬರುತ್ತದೆ, ನಡುವೆ 4.2 ಮಿಮೀ ಇನ್‌ಫಿಲ್ ಉಳಿಯುತ್ತದೆ. ಆರರ ಘನ 216. 4.2ರ ಘನ ಸುಮಾರು 74. ಅಂದರೆ ಆ ತೆಳು ಗೋಡೆಗಳೇ 216ರಲ್ಲಿ 142 ಪಾಲು, ಮೂರರಲ್ಲಿ ಎರಡು ಭಾಗ ಗಡಸುತನ ಕೊಡುತ್ತಿವೆ. ಈಗ ನಾಲ್ಕು ಗೋಡೆ ಇಡಿ. ಪ್ರತಿ ಬದಿಗೆ 1.8 ಮಿಮೀ, ನಡುವೆ ಉಳಿಯುವುದು 2.4. ಅದರ ಘನ 14ರಷ್ಟೂ ಇಲ್ಲ. ಗೋಡೆಗಳೊಂದೇ ಗಟ್ಟಿ ತೋಳಿನ ಶೇ. 94ರಷ್ಟು ಗಡಸುತನ ತಂದುಕೊಟ್ಟವು. ಉಳಿದ ಆರು ಪಾಲಿಗಾಗಿ ಇನ್‌ಫಿಲ್ ಶೇ. 15 ಇಟ್ಟರೇನು, 50 ಇಟ್ಟರೇನು?

ಇದನ್ನು ತೂಕಕ್ಕೆ ಇಳಿಸಿ ನೋಡಿ. ಇಡೀ ಬ್ರಾಕೆಟ್ ಗಟ್ಟಿಯಾಗಿದ್ದರೆ ಸುಮಾರು 23 ಗ್ರಾಂ. ಎರಡು ಗೋಡೆ, ಶೇ. 60 ಇನ್‌ಫಿಲ್ ಹಾಕಿದರೆ ಸುಮಾರು 17 ಗ್ರಾಂ. ನಾಲ್ಕು ಗೋಡೆ, ಶೇ. 15 ಹಾಕಿದರೆ ಸುಮಾರು 16 ಗ್ರಾಂ. ಎರಡನೆಯದು ಹಗುರವೂ ಹೌದು, ಗಡಸೂ ಹೌದು.

ಇನ್ನೂ ಒಂದು ಹೆಜ್ಜೆ ಇದೆ, ನನಗೆ ಅತಿ ಇಷ್ಟವಾದದ್ದು. ವಿನ್ಯಾಸ ನಿಮ್ಮ ಕೈಯಲ್ಲಿದ್ದರೆ ತೋಳನ್ನು 8 ಮಿಮೀ ದಪ್ಪ ಮಾಡಿ, ಗೋಡೆ ನಾಲ್ಕೇ ಇರಲಿ, ಇನ್‌ಫಿಲ್ ಶೇ. 15 ಇರಲಿ. ತೂಕ 17ರಿಂದ 18 ಗ್ರಾಂ, ಅಂದರೆ ಆ ಶೇ. 60ರ ಬ್ರಾಕೆಟ್‌ನಷ್ಟೇ. ಗಡಸುತನ ಮಾತ್ರ 6 ಮಿಮೀ ಗಟ್ಟಿ ತೋಳಿಗಿಂತ ಸುಮಾರು ಎರಡು ಪಟ್ಟು. ಹೆಚ್ಚುವರಿ ಪ್ಲಾಸ್ಟಿಕ್ ಹೆಚ್ಚೇನೂ ಹೋಗಲಿಲ್ಲ, ಗೋಡೆಗಳನ್ನು ಒಂದರಿಂದೊಂದು ದೂರ ಸರಿಸಿದೆವು ಅಷ್ಟೆ. ಇನ್‌ಫಿಲ್ ತನ್ನ ನಿಜವಾದ ಕೆಲಸ ಮಾಡುವುದು ಇಲ್ಲಿ.

ಇದು ಕಾಗದದ ಮೇಲಿನ ಲೆಕ್ಕ ಎಂಬುದು ನೆನಪಿರಲಿ. ಎರಡು ಗೋಡೆಗಳು ಒಂದರ ಮೇಲೊಂದು ಜಾರದೆ ಒಟ್ಟಿಗೆ ಬಾಗುತ್ತವೆ ಎಂದು ಅದು ಒಪ್ಪಿಕೊಂಡಿದೆ. ಇನ್‌ಫಿಲ್ ಶೇ. 5ಕ್ಕೆ ಇಳಿಸಿದರೆ ಆ ಹಿಡಿತ ಸಡಿಲಾಗಿ ಫಲ ಕಡಿಮೆಯಾಗುತ್ತದೆ. ಹಾಗಾಗಿಯೇ ಬ್ರಾಕೆಟ್‌ಗೆ ನಾನು ಶೇ. 15ರಿಂದ ಕೆಳಗೆ ಇಳಿಯುವುದಿಲ್ಲ. ತ್ರಿಕೋನದ ಆಸರೆ ಇರುವ ದಪ್ಪ ಬ್ರಾಕೆಟ್‌ನಲ್ಲಿ ಒಳಜಾಗ ದೊಡ್ಡದು, ಅಲ್ಲಿ ಶೇ. 25ರವರೆಗೆ ಹೋಗುವುದಕ್ಕೆ ಅರ್ಥವಿದೆ. ಅದಕ್ಕೂ ಹೆಚ್ಚು ಬೇಕೆನಿಸಿದರೆ ಇನ್‌ಫಿಲ್ ಬಿಟ್ಟು ಇನ್ನೊಂದು ಗೋಡೆ ಸೇರಿಸಿ.

ಸ್ಲೈಸರ್‌ನಲ್ಲಿ ಇದನ್ನು ಹುಡುಕುವುದು ಹೀಗೆ: ಕ್ಯುರಾದಲ್ಲಿ `Wall Line Count`, ಪ್ರೂಸಾಸ್ಲೈಸರ್‌ನಲ್ಲಿ `Perimeters`. ಬದಲಿಸಿದ ಮೇಲೆ ಪ್ರಿವ್ಯೂನಲ್ಲಿ ನಡುಪದರಕ್ಕೆ ಹೋಗಿ ತೋಳಿನ ಅಡ್ಡಕ್ಕೆ ಗೆರೆಗಳನ್ನು ಎಣಿಸಿ. ಎಂಟು ಗೋಡೆಗೆರೆ ಕಾಣಬೇಕು. ನಾಲ್ಕೇ ಕಂಡರೆ ಬದಲಾವಣೆ ಬೇರೆ ಪ್ರೊಫೈಲ್‌ಗೆ ಹೋಗಿದೆ.

## ಲಕ್ಷಣ: ಸ್ಕ್ರೂ ಬಿಗಿಯುತ್ತಿದ್ದಂತೆ ತಲೆ ಒಳಕ್ಕೆ ಹೂಳುತ್ತದೆ

ಸ್ಕ್ರೂ ತಲೆಯ ಸುತ್ತ ಬಿಳಿಚಿದ ಬಳೆಯಂಥ ಗುರುತು ಕಂಡರೆ ಪ್ಲಾಸ್ಟಿಕ್ ಒತ್ತಡಕ್ಕೆ ಸೋಲುತ್ತಿದೆ. ಮೊದಲು ವಾಷರ್ ಹಾಕಿ. ಚಪ್ಪಟೆ ತಲೆಯ ಸ್ಕ್ರೂ ಬಳಸಿ. ಕೋನಾಕಾರದ ತಲೆ ಸೀಳುಕೋಲಿನಂತೆ ರಂಧ್ರವನ್ನು ಅಗಲಿಸಿ ಪದರ ಸೀಳುತ್ತದೆ. ಡ್ರಿಲ್‌ನಲ್ಲಿ ಬಿಗಿಯಬೇಡಿ, ಕೊನೆಯ ಎರಡು ಸುತ್ತು ಕೈಯಲ್ಲೇ ಇರಲಿ.

ಇದು ಸಾಲದಿದ್ದರೆ ಇನ್‌ಫಿಲ್ ಹೆಚ್ಚಿಸುವುದಕ್ಕೆ ನಿಜವಾದ ಕಾರಣ ಸಿಕ್ಕಿತು. ಒತ್ತುವ ಬಲವನ್ನು ಒಂದು ಬದಿಯ ಗೋಡೆಯಿಂದ ಇನ್ನೊಂದು ಬದಿಗೆ ದಾಟಿಸಬೇಕಾದದ್ದು ಆ ನಡುವಿನ ಜಾಲರಿ. ಆದರೂ ಇಡೀ ಬ್ರಾಕೆಟ್‌ಗೆ ಹೆಚ್ಚಿಸಬೇಡಿ. ರಂಧ್ರದ ಸುತ್ತ 15 ಮಿಮೀ ವ್ಯಾಸದ ಸಿಲಿಂಡರ್ ಒಂದನ್ನು ಸ್ಲೈಸರ್‌ನಲ್ಲೇ ಮಾಡಿಫೈಯರ್ ಆಗಿ ಕೂರಿಸಿ, ಅದರೊಳಗೆ ಮಾತ್ರ ಶೇ. 100 ಕೊಡಿ. ತೂಕ ಒಂದು ಗ್ರಾಂ ಏರಿದರೆ ಹೆಚ್ಚು.

## ಲಕ್ಷಣ: ಮೊದಲ ದಿನ ಚೆನ್ನಾಗಿತ್ತು, ವಾರ ಕಳೆದಂತೆ ಜೋತು ಬಿದ್ದಿದೆ

ಬಿರುಕಿಲ್ಲ, ಬಿಳಿಚಿಲ್ಲ, ಆದರೆ ಭಾರ ತೆಗೆದರೂ ತೋಳು ಮೊದಲಿನ ಜಾಗಕ್ಕೆ ಮರಳುವುದಿಲ್ಲ. ಇದು ಪಿಎಲ್‌ಎ ಸ್ವಭಾವ: ಸತತ ಭಾರದಡಿ ಅದು ನಿಧಾನವಾಗಿ ಹರಿಯುತ್ತದೆ. ಸುಮಾರು 60 ಡಿಗ್ರಿಗೆ ಅದು ಮೆತ್ತಗಾಗುವುದರಿಂದ ಬಿಸಿಲು ಬೀಳುವ ಕಿಟಕಿ, ನಿಲ್ಲಿಸಿದ ವಾಹನದ ಒಳಗೆ, ಬಿಸಿಯಾಗುವ ಯಂತ್ರದ ಪಕ್ಕ ಇಂಥ ಕಡೆ ಬೇಗ ಬಾಗುತ್ತದೆ. ಇನ್‌ಫಿಲ್ ಏರಿಸಿದರೆ ಬಾಗುವುದು ತಡವಾದೀತು, ನಿಲ್ಲುವುದಿಲ್ಲ. ತೋಳು ದಪ್ಪ ಮಾಡಿ ಭಾರ ಕಡಿಮೆ ಮಾಡಿ, ಜಾಗ ಬಿಸಿಯಾಗುವುದಾದರೆ ಫಿಲಮೆಂಟ್ ಬದಲಿಸಿ. ಪಿಇಟಿಜಿ ಸುಮಾರು 80 ಡಿಗ್ರಿವರೆಗೆ, ಎಬಿಎಸ್ ಸುಮಾರು 100 ಡಿಗ್ರಿವರೆಗೆ ತಡೆಯುತ್ತವೆ. ಎಬಿಎಸ್ ಪ್ರಿಂಟ್ ಮಾಡುವಾಗ ಬರುವ ಹೊಗೆ ಒಳ್ಳೆಯದಲ್ಲ, ಗಾಳಿಯಾಡುವ ಕೋಣೆ ಬೇಕು.

## ಲಕ್ಷಣ: ಪ್ರಿಂಟ್ ಆಗುವಾಗ ಟಕ್ ಟಕ್ ಸದ್ದು, ಕೆಲವೊಮ್ಮೆ ಪದರ ಪಕ್ಕಕ್ಕೆ ಸರಿದಿದೆ

ಇನ್‌ಫಿಲ್‌ಗೆ ಗ್ರಿಡ್ ಮಾದರಿ ಆರಿಸಿದ್ದೀರಾ ನೋಡಿ. ಗ್ರಿಡ್‌ನಲ್ಲಿ ಒಂದೇ ಪದರದಲ್ಲಿ ಉದ್ದ ಗೆರೆಯ ಮೇಲೆ ಅಡ್ಡ ಗೆರೆ ಹಾಯುತ್ತದೆ. ಹಾಯುವ ಜಾಗದಲ್ಲಿ ಪ್ಲಾಸ್ಟಿಕ್ ಎರಡರಷ್ಟು ಸೇರಿ ಉಬ್ಬುತ್ತದೆ. ಮುಂದಿನ ಪದರದಲ್ಲೂ ಅದೇ ಜಾಗ, ಅದರ ಮುಂದಿನದರಲ್ಲೂ ಅದೇ ಜಾಗ. ನೂರಾರು ಪದರದ ಮೇಲೆ ಅಲ್ಲೊಂದು ಗಟ್ಟಿ ಮೊಳೆಯೇ ಬೆಳೆದು ನಿಂತು, ನಾಜಲ್ ಪ್ರತಿ ಸಲವೂ ಅದಕ್ಕೆ ಬಡಿಯುತ್ತದೆ. ಸಣ್ಣ ಬುಡದ ವಸ್ತುವಾದರೆ ಬೆಡ್‌ನಿಂದಲೇ ಕಿತ್ತು ಬರಬಹುದು.

ಮೊದಲು ಶೇಕಡಾವಾರು ಹಾಗೇ ಬಿಟ್ಟು ಮಾದರಿ ಮಾತ್ರ ಬದಲಿಸಿ. ಜೈರಾಯ್ಡ್‌ನಲ್ಲಿ ಅಲೆಯಂಥ ಗೆರೆಗಳು ಒಂದೇ ಪದರದಲ್ಲಿ ಒಂದನ್ನೊಂದು ದಾಟುವುದಿಲ್ಲ. ಪದರ ಏರಿದಂತೆ ಅಲೆ ದಿಕ್ಕು ಬದಲಿಸುತ್ತಾ ಹೋಗುವುದರಿಂದ ಎಲ್ಲ ದಿಕ್ಕಿನಿಂದ ಬರುವ ಬಲಕ್ಕೂ ಹೆಚ್ಚುಕಡಿಮೆ ಒಂದೇ ರೀತಿ ಎದುರು ನಿಲ್ಲುತ್ತದೆ. ಭಾರ ಯಾವ ಕಡೆಯಿಂದ ಬರುತ್ತದೆಂದು ಖಚಿತವಿಲ್ಲದ ಬ್ರಾಕೆಟ್‌ಗೆ ನಾನು ಇದನ್ನೇ ಇಡುತ್ತೇನೆ. ಅದರ ಕೊರತೆ, ತಿರುವುಗಳಿಂದ ಸಮಯ ಹೆಚ್ಚು ಹಿಡಿಯುತ್ತದೆ, ಹಗುರ ಚೌಕಟ್ಟಿನ ಪ್ರಿಂಟರ್ ನಡುಗುತ್ತದೆ. ಆ ನಡುಕ ಹೊರಗೋಡೆಯಲ್ಲಿ ಕಾಣತೊಡಗಿದರೆ ಕ್ಯೂಬಿಕ್‌ಗೆ ಹೋಗಿ. ಅಲ್ಲೂ ಗೆರೆಗಳು ಹಾಯುತ್ತವೆ, ಆದರೆ ಹಾಯುವ ಜಾಗ ಪದರದಿಂದ ಪದರಕ್ಕೆ ಸರಿಯುತ್ತಾ ಹೋಗುವುದರಿಂದ ಉಬ್ಬು ಒಂದೇ ಕಡೆ ಬೆಳೆಯುವುದಿಲ್ಲ.

ಮಾದರಿ ಬದಲಿಸಿದರೂ ಸದ್ದು ನಿಲ್ಲದಿದ್ದರೆ ಪ್ಲಾಸ್ಟಿಕ್ ಅತಿಯಾಗಿ ಬರುತ್ತಿದೆ, ಅಥವಾ ಬೆಲ್ಟ್ ಸಡಿಲವಾಗಿದೆ. ಅದು ಇನ್‌ಫಿಲ್‌ನ ದೋಷವಲ್ಲ. ಪ್ರಿಂಟ್ ನಿಲ್ಲಿಸಿ ಯಂತ್ರ ನೋಡಿ.

## ಬ್ರಾಕೆಟ್ ಸರಿಯಾಯಿತೇ? ಪರೀಕ್ಷೆ, ಮತ್ತು ಎಲ್ಲಿ ಕೈ ಬಿಡಬೇಕು

ನಿಜವಾದ ಜಾಗದಲ್ಲಿ ಕೂರಿಸುವ ಮೊದಲು ತೂಗಿ ನೋಡಿ. ಬ್ರಾಕೆಟ್ಟನ್ನು ಒಂದು ಹಲಗೆಗೆ ಸ್ಕ್ರೂ ಹಾಕಿ ಬಿಗಿದು, ತೋಳಿನ ತುದಿಗೆ ಬಕೆಟ್ ನೇತುಹಾಕಿ, ಬಕೆಟ್‌ನ ತಳ ನೆಲದಿಂದ ಒಂದು ಗೇಣಿಗಿಂತ ಕಡಿಮೆ ಎತ್ತರದಲ್ಲಿರಲಿ. ಒಂದು ಲೀಟರ್ ನೀರು ಒಂದು ಕಿಲೋ, ಅಳೆಯುವುದು ಸುಲಭ. ನಿಮಗೆ ಬೇಕಾದ ಭಾರದ ಮೂರರಷ್ಟನ್ನು ಅರ್ಧರ್ಧ ಲೀಟರ್‌ನಂತೆ ಸುರಿಯುತ್ತಾ ಹೋಗಿ, ಪ್ರತಿ ಸಲ ತುದಿ ಎಷ್ಟು ಇಳಿಯಿತೆಂದು ಗುರುತು ಹಾಕಿ. ಇಳಿತ ಸಮನಾಗಿ ಏರುತ್ತಿದ್ದರೆ ಸರಿ. ಒಂದು ಹಂತದಲ್ಲಿ ಇದ್ದಕ್ಕಿದ್ದಂತೆ ಹೆಚ್ಚು ಇಳಿದರೆ, ಅಥವಾ ಚಿಟ್ ಎಂಬ ಸಣ್ಣ ಸದ್ದು ಬಂದರೆ, ಅದೇ ಮಿತಿ, ನೀರು ತೆಗೆಯಿರಿ. ಆಮೇಲೆ ನಿಜವಾದ ಭಾರವನ್ನಷ್ಟೇ ಇಟ್ಟು ಎರಡು ಮೂರು ದಿನ ಹಾಗೇ ಬಿಟ್ಟು, ಗುರುತಿನಿಂದ ಕೆಳಗೆ ಜಾರುತ್ತಿದೆಯೇ ನೋಡಿ. ಮುರಿದಾಗ ಚೂರು ಸಿಡಿಯುತ್ತದೆ, ಕನ್ನಡಕ ಹಾಕಿಕೊಳ್ಳಿ, ಮಕ್ಕಳನ್ನು ದೂರ ಇಡಿ.

ಗೋಡೆ ನಾಲ್ಕರಿಂದ ಆರಾಯಿತು, ಒಳಮೂಲೆ ದುಂಡಾಯಿತು, ಪದರದ ದಿಕ್ಕು ಸರಿ ಇದೆ, ಆದರೂ ಮೂರರಷ್ಟು ಭಾರ ತಡೆಯುವುದಿಲ್ಲ ಎಂದಾದರೆ ಅಲ್ಲಿಗೆ ನಿಲ್ಲಿಸಿ. ಆ ಭಾರಕ್ಕೆ ಲೋಹದ ಬ್ರಾಕೆಟ್ ಬೇಕು. ಇನ್ನು ಮನುಷ್ಯರು ಕೂರುವ, ಹಿಡಿದು ನೇತಾಡುವ, ಏರುವ ವಸ್ತು, ಮಲಗುವ ಜಾಗದ ಮೇಲೆ ತೂಗುವ ಭಾರ, ವಾಹನದ ಭಾಗ, ವಿದ್ಯುತ್ ತಂತಿ ಹಿಡಿಯುವ ಆಸರೆ, ಇವಕ್ಕೆ ಪರೀಕ್ಷೆಯಲ್ಲಿ ಪಾಸಾದರೂ ಪ್ರಿಂಟ್ ಮಾಡಿದ ಬ್ರಾಕೆಟ್ ಬೇಡ. ಒಳಗಿನ ಒಂದು ಬೆಸೆಯದ ಪದರ ಹೊರಗಿನಿಂದ ಕಾಣುವುದಿಲ್ಲ. ಇಂಥ ಕಡೆ ಆ ಕೆಲಸ ಗೊತ್ತಿರುವವರನ್ನು ಕರೆಯಿರಿ.

## ಲಕ್ಷಣ: ಆಮೆಯ ಬೆನ್ನಿನ ಮೇಲೆ ತೂತು, ಗುಳಿ, ಉಬ್ಬು

ಈಗ ಆಮೆಗೆ ಬರೋಣ. ಇಲ್ಲಿ ಯಾವ ಬಲದ ಚಿಂತೆಯೂ ಇಲ್ಲ, ಆದರೆ ಕಣ್ಣು ಎಲ್ಲವನ್ನೂ ಹಿಡಿಯುತ್ತದೆ.

ಬೆನ್ನಿನ ನಡುವೆ, ಅತಿ ಮೇಲಿನ ಸಪಾಟು ಭಾಗದಲ್ಲಿ ಮಾತ್ರ ದಿಂಬಿನಂತೆ ಉಬ್ಬಿದ ಚೌಕಗಳಿದ್ದರೆ, ಅವು ಇನ್‌ಫಿಲ್ ಕಣ್ಣುಗಳ ಗುರುತು. ಗ್ರಿಡ್ ಶೇ. 10 ಇಟ್ಟಾಗ ಗೆರೆಯಿಂದ ಗೆರೆಗೆ ಸುಮಾರು 9 ಮಿಮೀ ಅಂತರ; ಶೇ. 20 ಇಟ್ಟರೆ 4.5 ಮಿಮೀ. ಮೊದಲ ಮೇಲ್ಪದರ ಆ 9 ಮಿಮೀ ಖಾಲಿಯ ಮೇಲೆ ಸೇತುವೆಯಂತೆ ಹಾಯಬೇಕು, ಜೋಲುತ್ತದೆ. ಅದರ ಮೇಲೆ ಎರಡೇ ಪದರ ಬಂದರೆ ಜೋಲು ಮುಚ್ಚುವುದಿಲ್ಲ. ಹೆಚ್ಚಿನವರು ಇಲ್ಲಿ ಇನ್‌ಫಿಲ್ ಶೇ. 25ಕ್ಕೆ ಏರಿಸಿ ಇಡೀ ಆಮೆಯ ಹೊಟ್ಟೆಗೆ ಪ್ಲಾಸ್ಟಿಕ್ ತುಂಬುತ್ತಾರೆ. ಅದರ ಬದಲು `Top Layers` ಸಂಖ್ಯೆಯನ್ನು ಮೂರರಿಂದ ಐದು ಅಥವಾ ಆರು ಮಾಡಿ, ಫ್ಯಾನ್ ಪೂರ್ತಿ ಓಡುತ್ತಿದೆಯೇ ನೋಡಿ. ಎರಡು ಗ್ರಾಂ ಪ್ಲಾಸ್ಟಿಕ್‌ನಲ್ಲಿ ಕೆಲಸ ಮುಗಿಯುತ್ತದೆ.

ತೂತು ನಡುವೆ ಇಲ್ಲದೆ ಸುತ್ತ ಇಳಿಜಾರಿನಲ್ಲಿ, ಉಂಗುರದಂತೆ ಕಾಣಿಸಿದರೆ ಕಾರಣ ಬೇರೆ. ಬೆನ್ನಿನ ತುದಿಯ ಹತ್ತಿರ ಇಳಿಜಾರು ತೀರಾ ಕಡಿಮೆ. ಹತ್ತು ಡಿಗ್ರಿಯ ಇಳಿಜಾರಿನಲ್ಲಿ 0.2 ಮಿಮೀ ಪದರಕ್ಕೆ ಪ್ರತಿ ಮೆಟ್ಟಿಲೂ ಸುಮಾರು 1.1 ಮಿಮೀ ಒಳಕ್ಕೆ ಸರಿಯುತ್ತದೆ. ಎರಡು ಗೋಡೆಯ ಅಗಲ 0.9 ಮಾತ್ರ. ಅಂದರೆ ಮೇಲಿನ ಗೋಡೆಗೆ ಕೆಳಗಿನ ಗೋಡೆ ಆಸರೆಯಾಗುವುದಿಲ್ಲ, ಅದು ಇನ್‌ಫಿಲ್‌ನ ಖಾಲಿ ಕಣ್ಣಿನ ಮೇಲೆ ಬೀಳುತ್ತದೆ. ಗೋಡೆ ಮೂರು ಮಾಡಿದರೆ 1.35 ಆಗಿ ಮೆಟ್ಟಿಲು ಮುಚ್ಚಿತು. ಪ್ರೂಸಾಸ್ಲೈಸರ್‌ನಲ್ಲಿ `Ensure vertical shell thickness` ಆಯ್ಕೆ ಇದೇ ಕೊರತೆಯನ್ನು ತುಂಬುತ್ತದೆ, ಅದು ಆಫ್ ಆಗಿಲ್ಲವೇ ನೋಡಿ. ಬೆನ್ನಿನ ಮೇಲ್ಭಾಗಕ್ಕಷ್ಟೇ ಪದರವನ್ನು 0.12ಕ್ಕೆ ಇಳಿಸಿದರೆ ಮೆಟ್ಟಿಲು 0.7ರೊಳಗೆ ಬರುತ್ತದೆ, ನೋಟವೂ ನಯವಾಗುತ್ತದೆ. ಸಮಯ ಮಾತ್ರ ಹೆಚ್ಚು ಬೇಕು.

## ಲಕ್ಷಣ: ಪಕ್ಕದ ಮೇಲೆ ಜಾಲರಿಯ ನೆರಳು ಕಾಣುತ್ತದೆ

ಎರಡು ಬಗೆಯ ನೆರಳುಗಳಿವೆ, ಮೊದಲು ಬೇರ್ಪಡಿಸಿ. ಆಮೆಯನ್ನು ಕತ್ತಲೆ ಕೋಣೆಗೆ ಒಯ್ದು ಹಿಂದಿನಿಂದ ಟಾರ್ಚ್ ಹಿಡಿಯಿರಿ. ಆಗ ಮಾತ್ರ ಜಾಲರಿ ಎದ್ದು ಕಾಣುತ್ತದೆ, ಮಾಮೂಲಿ ಬೆಳಕಿನಲ್ಲಿ ಬೆರಳಾಡಿಸಿದರೆ ಮೈ ನಯವಾಗಿದೆ ಎಂದಾದರೆ ಅದು ಬಣ್ಣ ಪಾರದರ್ಶಕವಾಗಿರುವುದರಿಂದ. ತಿಳಿ ಬಣ್ಣದ ಫಿಲಮೆಂಟ್‌ಗಳಲ್ಲಿ ಇದು ಸಾಮಾನ್ಯ. ಇನ್ನೊಂದು ಗೋಡೆ ಸೇರಿಸಿ, ಅಥವಾ ಗಾಢ ಬಣ್ಣ ಬಳಸಿ.

ಬೆರಳಿಗೆ ಏರುತಗ್ಗು ತಾಕುತ್ತದೆ, ಕಿಟಕಿಯ ಪಕ್ಕದ ಓರೆ ಬೆಳಕಿನಲ್ಲಿ ಸಮ ಅಂತರದ ಉಬ್ಬುಗೆರೆ ಕಾಣುತ್ತದೆ ಎಂದರೆ ಇನ್‌ಫಿಲ್ ತುದಿಗಳು ಗೋಡೆಯನ್ನು ಒಳಗಿನಿಂದ ನೂಕುತ್ತಿವೆ. ಮೊದಲು ಕ್ಯುರಾದಲ್ಲಿ `Infill Before Walls` ಆನ್ ಆಗಿದ್ದರೆ ಆಫ್ ಮಾಡಿ. ಗೋಡೆ ಮೊದಲು ಬಂದು ಗಟ್ಟಿಯಾದರೆ ಆಮೇಲೆ ಬರುವ ಇನ್‌ಫಿಲ್ ಅದನ್ನು ನೂಕಲಾರದು. ಅದಕ್ಕೂ ಬಗ್ಗದಿದ್ದರೆ ಮೂರನೇ ಗೋಡೆ. ಕೊನೆಗೆ `Infill Overlap Percentage` ಅನ್ನು ಐದೈದು ಅಂಕ ಇಳಿಸಿ ನೋಡಿ. ಇದನ್ನು ಕೊನೆಗೆ ಇಟ್ಟಿರುವುದಕ್ಕೆ ಕಾರಣವಿದೆ: ಅತಿಯಾಗಿ ಇಳಿಸಿದರೆ ಇನ್‌ಫಿಲ್ ಗೋಡೆಯಿಂದ ಬಿಟ್ಟುಕೊಳ್ಳುತ್ತದೆ. ಆಮೆಗೆ ಅದರಿಂದ ತೊಂದರೆಯಿಲ್ಲ. ಅದೇ ಪ್ರೊಫೈಲ್ ಮರೆತು ಬ್ರಾಕೆಟ್‌ಗೆ ಬಳಸಿದರೆ ಗೋಡೆಗಳನ್ನು ಕಟ್ಟಿಹಿಡಿಯುವವರೇ ಇಲ್ಲದಂತಾಗುತ್ತದೆ. ಎರಡಕ್ಕೂ ಬೇರೆ ಬೇರೆ ಹೆಸರಿನ ಪ್ರೊಫೈಲ್ ಉಳಿಸಿಟ್ಟುಕೊಳ್ಳಿ.

## ಲಕ್ಷಣ: ಹಿಸುಕಿದರೆ ಆಮೆಯ ಪಕ್ಕೆ ಒಳಕ್ಕೆ ಹೋಗುತ್ತದೆ

ಬಹುಶಃ ಲೈಟ್ನಿಂಗ್ ಮಾದರಿ ಇಟ್ಟಿದ್ದೀರಿ. ಅದು ಚಾವಣಿ ಇರುವ ಕಡೆಗಷ್ಟೇ ಒಳಗಿನಿಂದ ಕೊಂಬೆಗಳನ್ನು ಬೆಳೆಸಿ ಆನಿಸುತ್ತದೆ, ಉಳಿದ ಹೊಟ್ಟೆ ಪೂರ್ತಿ ಖಾಲಿ. ಪ್ಲಾಸ್ಟಿಕ್ ಮತ್ತು ಸಮಯ ಎರಡನ್ನೂ ಬಹಳ ಉಳಿಸುತ್ತದೆ, ಮೇಜಿನ ಮೇಲೆ ಕೂರುವ ಆಮೆಗೆ ಇದಕ್ಕಿಂತ ಒಳ್ಳೆಯದು ಇಲ್ಲ. ಆದರೆ ಪಕ್ಕದ ಗೋಡೆಗಳಿಗೆ ಒಳಗೆ ಆಸರೆಯೇ ಇಲ್ಲ. ಬ್ರಾಕೆಟ್‌ಗೆ ಇದನ್ನು ಎಂದೂ ಬಳಸಬೇಡಿ. ಶೇಕಡಾವಾರು ಎಷ್ಟೇ ಏರಿಸಿದರೂ ಅದು ಗೋಡೆಗಳನ್ನು ಕಟ್ಟಿಹಿಡಿಯುವ ಮಾದರಿಯಲ್ಲ.

ಆಮೆಯನ್ನು ಯಾರೂ ಎತ್ತಿಕೊಳ್ಳುವುದಿಲ್ಲ ಎಂದಾದರೆ ಹಾಗೇ ಬಿಡಿ, ಅದು ದೋಷವಲ್ಲ. ಮಕ್ಕಳ ಕೈಗೆ ಹೋಗುವುದಾದರೆ ಮೊದಲು ಗೋಡೆ ಎರಡರಿಂದ ಮೂರು ಮಾಡಿ ಹೆಬ್ಬೆರಳಿನಿಂದ ಒತ್ತಿ ನೋಡಿ. ಇನ್ನೂ ಮಣಿದರೆ ಜೈರಾಯ್ಡ್ ಶೇ. 8ರಿಂದ 10ಕ್ಕೆ ಬದಲಿಸಿ. ನನ್ನ ಆಮೆ ಈಗ ಮೂರು ಗೋಡೆ, ಆರು ಮೇಲ್ಪದರ, ಶೇ. 8 ಜೈರಾಯ್ಡ್‌ನಲ್ಲಿ ಕೂತಿದೆ. ಒಮ್ಮೆ ಮೇಜಿನಿಂದ ಬಿದ್ದು ಮೂತಿಯ ತುದಿ ಮಾತ್ರ ಸ್ವಲ್ಪ ಚಪ್ಪಟೆಯಾಯಿತು.